ಕಥೆ ಪೂರ್ತಿ ಬರೆದೆ, ಐದಕ್ಕೆ ಎರಡೇ ಅಂಕ: ‘ಕೇಂದ್ರ ಆಶಯ’ ಎಂದರೆ ಏನು ಬರೆಯಬೇಕಿತ್ತು?

ಕೊನೆಯ ಬೆಂಚು

ಮೊನ್ನೆ ಉತ್ತರ ಪತ್ರಿಕೆ ಕೈಗೆ ಬಂತು. ‘ಗೋವಿನ ಹಾಡು ಕಥನಗೀತೆಯ ಕೇಂದ್ರ ಆಶಯವನ್ನು ವಿವರಿಸಿ’ ಎಂಬ ಐದು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದಿದ್ದೆ. ಒಂದು ಘಟನೆಯನ್ನೂ ಬಿಟ್ಟಿರಲಿಲ್ಲ, ತಪ್ಪೂ ಬರೆದಿರಲಿಲ್ಲ. ಸಿಕ್ಕಿದ್ದು ಎರಡು. ಅಂಚಿನಲ್ಲಿ ‘ಕಥೆ ನನಗೂ ಗೊತ್ತು, ಆಶಯ ಎಲ್ಲಿ?’ ಎಂದು ಬರೆದಿದ್ದಾರೆ. ಪಕ್ಕದವನು ಮುಕ್ಕಾಲು ಪುಟ ಬರೆದು ನಾಲ್ಕು ಅಂಕ ತೆಗೆದುಕೊಂಡಿದ್ದಾನೆ. ಇದು ಯಾವ ನ್ಯಾಯ ಎಂದು ತಿಳಿಯುತ್ತಿಲ್ಲ. ನನ್ನ ಉತ್ತರವನ್ನು ಚಿಕ್ಕದಾಗಿಸಿ ಹಾಕುತ್ತಿದ್ದೇನೆ, ವಾಕ್ಯಗಳ ಕ್ರಮ ಹಾಗೆಯೇ ಇದೆ:

‘ಕಾಳಿಂಗನೆಂಬ ಗೊಲ್ಲನು ಹಸುಗಳನ್ನು ಹೆಸರು ಹಿಡಿದು ಕರೆದನು. ಪುಣ್ಯಕೋಟಿ ಎಂಬ ಹಸು ಕರುವನ್ನು ನೆನೆದುಕೊಂಡು ಬರುತ್ತಿರುವಾಗ ಹುಲಿಯೊಂದು ಅಡ್ಡಗಟ್ಟಿತು. ಆಗ ಹಸು, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಬೇಡಿಕೊಂಡಿತು. ಹುಲಿ ಮೊದಲು ನಂಬಲಿಲ್ಲ. ನಂತರ ಹಸು ಆಣೆ ಇಟ್ಟು ಮಾತು ಕೊಟ್ಟಿತು. ಬಳಿಕ ಅದು ದೊಡ್ಡಿಗೆ ಬಂದು ಕರುವಿಗೆ ಹಾಲುಣಿಸಿತು. ಕರು, ಹೋಗಬೇಡ ಎಂದಿತು. ಆಮೇಲೆ ಹಸು ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹುಲಿಯ ಬಳಿಗೆ ಹೋಯಿತು. ಆಗ ಹುಲಿ ಕಣ್ಣೀರಿಟ್ಟು, ನೀನು ನನಗೆ ಒಡಹುಟ್ಟಿದ ಅಕ್ಕನಂತೆ ಎಂದಿತು. ನಂತರ ಹುಲಿ ನೆಗೆದು ಪ್ರಾಣ ಬಿಟ್ಟಿತು. ಹೀಗೆ ಸತ್ಯಕ್ಕೆ ಯಾವಾಗಲೂ ಜಯ.’

ಇದರಲ್ಲಿ ಏನು ಕಡಿಮೆಯಾಗಿದೆ?

ಅರ್ಧವಿರಾಮ

ಬಹಳ ಸರಳ. ಕಥೆ ಬರೆದ ಮೇಲೆ ಕೊನೆಯಲ್ಲಿ ನೀತಿಯನ್ನು ಬರೆಯಬೇಕು. ನೀತಿಯೇ ಆಶಯ. ನಾನು ಯಾವಾಗಲೂ ಕೊನೆಯ ಎರಡು ಸಾಲನ್ನು ಅದಕ್ಕೆಂದೇ ಮೀಸಲಿಡುತ್ತಿದ್ದೆ, ಅಡಿಗೆರೆಯನ್ನೂ ಎಳೆಯುತ್ತಿದ್ದೆ.

ಕೊನೆಯ ಬೆಂಚು

ಸರ್, ನನ್ನ ಕೊನೆಯ ವಾಕ್ಯವೇ ಅದು. ‘ಸತ್ಯಕ್ಕೆ ಯಾವಾಗಲೂ ಜಯ.’ ಅಡಿಗೆರೆಯೂ ಇದೆ, ಸ್ಕೇಲಿನಲ್ಲಿ ಎಳೆದದ್ದು.

ಕೆಂಪು ಶಾಯಿ

ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಅದರಲ್ಲಿ ಹೆಚ್ಚಿನ ವರ್ಷ ಮೌಲ್ಯಮಾಪನಕ್ಕೂ ಕೂತಿದ್ದೇನೆ. ವಿದ್ಯಾರ್ಥಿ ಎಂದು ತಿಳಿದು ಏಕವಚನದಲ್ಲೇ ಮಾತನಾಡುತ್ತೇನೆ, ಬೇಸರ ಬೇಡ.

ನಿನ್ನ ಉತ್ತರದಲ್ಲಿ ಹನ್ನೊಂದು ವಾಕ್ಯಗಳಿವೆ. ಒಂದು ಪೆನ್ಸಿಲ್ ತೆಗೆದುಕೊಂಡು ಪ್ರತಿ ವಾಕ್ಯದ ಕೊನೆಯ ಪದವನ್ನು ಸುತ್ತು. ಕರೆದನು, ಅಡ್ಡಗಟ್ಟಿತು, ಬೇಡಿಕೊಂಡಿತು, ನಂಬಲಿಲ್ಲ, ಕೊಟ್ಟಿತು, ಹಾಲುಣಿಸಿತು, ಎಂದಿತು, ಹೋಯಿತು, ಎಂದಿತು, ಬಿಟ್ಟಿತು. ಮೊದಲ ಹತ್ತೂ ಭೂತಕಾಲ. ಈಗ ವಾಕ್ಯಗಳ ಮೊದಲ ಪದ ನೋಡು. ಆಗ, ನಂತರ, ಬಳಿಕ, ಆಮೇಲೆ, ಮತ್ತೆ ಆಗ, ಮತ್ತೆ ನಂತರ. ಆರು ಕಡೆ ಕಾಲ ಹೇಳುವ ಪದ. ‘ಏಕೆಂದರೆ’, ‘ಆದ್ದರಿಂದ’, ‘ಆದರೂ’ ಎಂಬ ಪದ ಒಂದು ಕಡೆಯೂ ಇಲ್ಲ. ನಿನ್ನ ವಾಕ್ಯಗಳನ್ನು ಪೋಣಿಸಿರುವ ದಾರ ಗಡಿಯಾರ ಮಾತ್ರ. ಹಸು ಹೀಗೆ ಮಾಡಿದ್ದರಿಂದ ಏನಾಯಿತು, ಹಾಗೆ ಮಾಡದಿದ್ದರೆ ಏನಾಗಬಹುದಿತ್ತು ಎಂದು ಎಲ್ಲಿಯೂ ಕೇಳಿಕೊಂಡಿಲ್ಲ.

ಅಂಕದ ಲೆಕ್ಕಕ್ಕೆ ಬರೋಣ. ನಾನು ಕೂತ ಕಡೆ ಇಂಥ ಐದು ಅಂಕವನ್ನು ಆಶಯವನ್ನು ಸ್ಪಷ್ಟವಾಗಿ ಹೇಳಿದ್ದಕ್ಕೆ ಒಂದು, ಪಠ್ಯದಿಂದ ಅದನ್ನು ಸಮರ್ಥಿಸಿದ್ದಕ್ಕೆ ಮೂರು, ಭಾಷೆಗೆ ಒಂದು ಎಂದು ಒಡೆಯುವ ರೂಢಿಯಿತ್ತು. ಎಲ್ಲ ಕಡೆಯೂ ಹೀಗೆಯೇ ಎನ್ನುವುದಿಲ್ಲ. ಈ ಲೆಕ್ಕದಲ್ಲಿ ನಿನಗೆ ಭಾಷೆಯ ಒಂದು ಅಂಕ ಸಿಕ್ಕಿದೆ. ‘ಸತ್ಯಕ್ಕೆ ಜಯ’ ಎಂಬುದಕ್ಕೆ ಅರ್ಧ. ಕಥೆಯೊಳಗೆ ಅಕಸ್ಮಾತ್ತಾಗಿ ಸಾಕ್ಷ್ಯವಾಗಬಹುದಾದ ಒಂದೆರಡು ಘಟನೆ ಬಂದುದಕ್ಕೆ ಇನ್ನರ್ಧ. ಒಟ್ಟು ಎರಡು. ಸಿಟ್ಟಾಗಿ ಕೊಟ್ಟ ಅಂಕವಲ್ಲ ಅದು.

ಅರ್ಧವಿರಾಮ ಅವರು ಹೇಳಿದ್ದು ಅರ್ಧ ಸರಿ. ಆಶಯದ ವಾಕ್ಯ ಬೇಕು. ಆದರೆ ಅದು ಕೊನೆಯಲ್ಲಿ ಬಂದರೆ ಅದಕ್ಕೂ ಮೇಲಿನ ಹತ್ತು ವಾಕ್ಯಗಳಿಗೂ ಸಂಬಂಧವೇ ಇರುವುದಿಲ್ಲ. ಒಂದು ಪರೀಕ್ಷೆ ಮಾಡಿ: ಆ ಕೊನೆಯ ಸಾಲನ್ನು ಕಿತ್ತು, ಸತ್ಯ ಹೇಳುವವರು ಗೆಲ್ಲುವ ಬೇರಾವುದಾದರೂ ಕಥೆಯ ಕೆಳಗೆ ಅಂಟಿಸಿ. ಅಲ್ಲಿಯೂ ಸಲೀಸಾಗಿ ಕೂರುತ್ತದೆ. ಹಾಗೆ ಎಲ್ಲಿ ಬೇಕಾದರೂ ಕೂರುವ ಸಾಲು ಈ ಹಾಡಿನ ಆಶಯ ಆಗಲಾರದು.

ಮನೆಯ ಮೇಜು

ಮೇಡಂ, ನನ್ನ ಮಗಳಿಗೆ ಆದದ್ದು ಇದರ ತದ್ವಿರುದ್ಧ. ‘ಪದ್ಯದ ಸಾರಾಂಶವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಕೇಳಿದ್ದರು. ಇವಳು ಕವಿ ಹೀಗೆ ಹೇಳಲು ಬಯಸುತ್ತಾರೆ, ಹಾಗೆ ಸೂಚಿಸುತ್ತಾರೆ ಎಂದು ದೊಡ್ಡ ವ್ಯಾಖ್ಯಾನ ಬರೆದು ನಾಲ್ಕಕ್ಕೆ ಒಂದೂವರೆ ತಂದಳು. ಈಗ ಉತ್ತರ ಎಷ್ಟು ಉದ್ದ ಇರಬೇಕು ಎಂಬುದೇ ಗೊಂದಲ. ಐದು ಅಂಕಕ್ಕೆ ಎಷ್ಟು ಸಾಲು ಎಂದು ಹೇಳಿದರೆ ಉಪಕಾರವಾಗುತ್ತದೆ.

ಕೆಂಪು ಶಾಯಿ

ಸಾಲಿನ ಲೆಕ್ಕ ನಾನು ಕೊಡುವುದಿಲ್ಲ ಅಮ್ಮಾ. ಇಲ್ಲಿ ಒಂದೂವರೆ ಪುಟಕ್ಕೆ ಎರಡು, ಮುಕ್ಕಾಲು ಪುಟಕ್ಕೆ ನಾಲ್ಕು ಬಂದಿರುವುದನ್ನು ನೀವೇ ನೋಡಿದ್ದೀರಿ. ನಿಮ್ಮ ಮಗಳು ಬರೆದದ್ದು ಒಳ್ಳೆಯ ಉತ್ತರವೇ ಇರಬಹುದು, ಆದರೆ ಬೇರೆ ಪ್ರಶ್ನೆಗೆ. ಸಾರಾಂಶ ಕೇಳಿದರೆ ಪದ್ಯದಲ್ಲಿ ಇರುವುದನ್ನು ಇರುವ ಕ್ರಮದಲ್ಲೇ, ಏನನ್ನೂ ಸೇರಿಸದೆ ಗದ್ಯದಲ್ಲಿ ಹೇಳಬೇಕು. ಈ ಹುಡುಗನ ಉತ್ತರ ಆ ಪ್ರಶ್ನೆಗೆ ಹೋಗಿದ್ದರೆ ನಾಲ್ಕಕ್ಕೆ ಮೂರೂವರೆ ಕೊಡುತ್ತಿದ್ದೆ. ಇಬ್ಬರೂ ಉತ್ತರಗಳನ್ನು ಅದಲುಬದಲು ಮಾಡಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು!

ಬಳಪ

ನಾನೂ ಪಾಠ ಮಾಡುವವನೇ, ಕೆಂಪು ಶಾಯಿ ಮೇಡಂ ಅವರಷ್ಟು ಹಳಬನಲ್ಲ. ಮಕ್ಕಳ ಮೇಲೆಯೇ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಹಿಂದಿನವರು ಬಿಟ್ಟುಹೋದ ಟಿಪ್ಪಣಿ ಪುಸ್ತಕ ಒಂದಿತ್ತು. ಅದರಲ್ಲಿ ‘ಕೇಂದ್ರ ಆಶಯ’ ಎಂಬ ತಲೆಬರಹದ ಕೆಳಗೆ ಮೂರು ಪುಟ ಕಥೆಯನ್ನೇ ಬರೆಸಿದ್ದರು, ಕೊನೆಯಲ್ಲಿ ಒಂದು ನೀತಿವಾಕ್ಯ. ಮಕ್ಕಳು ಅದನ್ನೇ ಉರು ಹೊಡೆದು ಬರೆಯುತ್ತಿದ್ದರು. ಬರೆಸಿದ್ದನ್ನೇ ಬರೆದವರಿಗೆ ಎರಡು ಅಂಕ, ಬರೆಸಿದವರಿಗೆ ಯಾರೂ ಅಂಕ ಹಾಕುವುದಿಲ್ಲ.

ಇನ್ನೊಂದು ತೊಡಕು ಪದಗಳದ್ದು. ‘ಕಥಾವಸ್ತು’ ಎಂದು ಪ್ರಶ್ನೆ ಕೊಡುತ್ತಾರೆ. ಕೆಲವರು ಅದನ್ನು ಕಥೆಯ ಹಂದರ ಎಂಬ ಅರ್ಥದಲ್ಲಿ ಬಳಸುತ್ತಾರೆ, ಕೆಲವರು ಕಥೆ ಯಾವುದರ ಬಗ್ಗೆ ಎಂಬ ಅರ್ಥದಲ್ಲಿ. ಜೊತೆಗೆ ‘ವಿವರಿಸಿ’ ಎಂಬ ಕ್ರಿಯಾಪದ. ವಿವರ ಕೊಡಿ ಎಂದರೆ ಮಗು ವಿವರಗಳನ್ನೇ ಕೊಡುತ್ತದೆ. ‘ಆಶಯವು ಹೇಗೆ ವ್ಯಕ್ತವಾಗಿದೆ?’ ಎಂದು ಕೇಳಿ ನೋಡಿ, ಅದೇ ಮಗು ಬೇರೆ ಉತ್ತರ ಬರೆಯುತ್ತದೆ. ನನ್ನ ತರಗತಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಕೆಂಪು ಶಾಯಿ

ಪದಗಳ ಮಾತು ಒಪ್ಪಿದೆ. ‘ಹೇಗೆ’ ಎಂಬ ಪದ ಪ್ರಶ್ನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಪ್ರಶ್ನೆಪತ್ರಿಕೆ ತಯಾರಿಸುವವರು ನಮ್ಮ ಮಾತು ಕೇಳುವವರೆಗೆ ಮಕ್ಕಳು ಕಾಯುವಂತಿಲ್ಲವಲ್ಲ.

ಟಿಪ್ಪಣಿಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಓದಿದ್ದು ನೆನಪಿಗೆ ಬರುವುದೇ ಕಥೆಯ ಕ್ರಮದಲ್ಲಿ. ಪರೀಕ್ಷೆಯ ಒತ್ತಡದಲ್ಲಿ ಗೊಲ್ಲ ನೆನಪಾದರೆ ಹಸು ನೆನಪಾಗುತ್ತದೆ, ಹಸುವಿನ ಹಿಂದೆ ಹುಲಿ. ಕೈ ಅದನ್ನೇ ಬರೆದುಕೊಂಡು ಹೋಗುತ್ತದೆ. ಪುಟ ತುಂಬುತ್ತಿರುವುದರಿಂದ ಉತ್ತರ ಚೆನ್ನಾಗಿ ಬರುತ್ತಿದೆ ಎಂಬ ಸಮಾಧಾನವೂ ಇರುತ್ತದೆ.

ಜೋಳಿಗೆ

ಸ್ವಲ್ಪ ಪಕ್ಕದ ಮಾತು, ಕ್ಷಮಿಸಿ. ಜಾನಪದ ಅಧ್ಯಯನದಲ್ಲಿ ‘ಆಶಯ’ ಎಂಬುದಕ್ಕೆ ಬೇರೆಯೇ ಅರ್ಥವಿದೆ. ಕಥೆಯಿಂದ ಕಥೆಗೆ ಅಲೆಯುವ ಒಂದು ಚಿಕ್ಕ ಘಟಕವನ್ನು ನಾವು ಆಶಯ ಎನ್ನುತ್ತೇವೆ. ಸ್ಟಿತ್ ಥಾಂಪ್ಸನ್ 1930ರ ದಶಕದಲ್ಲಿ ಇಂಥ ಸಾವಿರಾರು ಆಶಯಗಳ ಸೂಚಿಯನ್ನೇ ಸಿದ್ಧಪಡಿಸಿದರು. ಮಾತನಾಡುವ ಪ್ರಾಣಿ ಒಂದು ಆಶಯ, ಸಾವಿನ ಮುಂದೆ ಕೊಟ್ಟ ಮಾತು ಇನ್ನೊಂದು. ಗೋವಿನ ಹಾಡು ಮೂಲತಃ ಜನಪದ ಕಥನಗೀತೆ. ಹಾಗಾಗಿ ‘ಆಶಯ’ ಎಂದು ಕೇಳಿದಾಗ ಘಟನೆಗಳನ್ನು ಬರೆದ ಹುಡುಗ ಪೂರ್ತಿ ತಪ್ಪು ಮಾಡಿಲ್ಲ ಎಂದು ವಾದಿಸಬಹುದು.

ಬಳಪ

ವಾದಿಸಬಹುದು ಸರ್, ಅಂಕ ಮಾತ್ರ ಬರುವುದಿಲ್ಲ. ‘ಕೇಂದ್ರ’ ಎಂಬ ವಿಶೇಷಣ ಪ್ರಶ್ನೆಯಲ್ಲಿದೆ. ನಿಮ್ಮ ಸೂಚಿಯಲ್ಲಿ ಕೇಂದ್ರ ಯಾವುದು, ಅಂಚು ಯಾವುದು?

ಜೋಳಿಗೆ

ಹುಡುಗನ ಪರವಾಗಿ ಒಂದು ಮಾತು ಇರಲಿ ಎಂದು ಹೇಳಿದೆ ಅಷ್ಟೆ.

ಕೊನೆಯ ಬೆಂಚು

ಪೆನ್ಸಿಲಿನಲ್ಲಿ ಸುತ್ತಿ ನೋಡಿದೆ. ನನಗೇ ನಗು ಬಂತು. ಈಗ ಇನ್ನೊಮ್ಮೆ ಬರೆದಿದ್ದೇನೆ, ನೋಡಿ ಮೇಡಂ:

‘ಗೋವಿನ ಹಾಡಿನ ಕೇಂದ್ರ ಆಶಯ ಸತ್ಯ. ಇದರಲ್ಲಿ ಪುಣ್ಯಕೋಟಿಯು ಸತ್ಯದ ಸಂಕೇತವಾಗಿದೆ. ಹುಲಿಯು ಕ್ರೌರ್ಯದ ಸಂಕೇತವಾಗಿದೆ. ಕರುವು ಮುಗ್ಧತೆಯ ಸಂಕೇತವಾಗಿದೆ. ಪುಣ್ಯಕೋಟಿಯು ಮಾತು ಕೊಡುತ್ತದೆ, ದೊಡ್ಡಿಗೆ ಹೋಗುತ್ತದೆ, ಹಾಲುಣಿಸುತ್ತದೆ, ಹಿಂದಿರುಗುತ್ತದೆ. ಇದರಿಂದ ಸತ್ಯದ ಮಹತ್ವ ತಿಳಿಯುತ್ತದೆ.’

ಭೂತಕಾಲವನ್ನೆಲ್ಲ ತೆಗೆದಿದ್ದೇನೆ. ಆಶಯವನ್ನು ಮೊದಲಿಗೇ ಇಟ್ಟಿದ್ದೇನೆ.

ಅರ್ಧವಿರಾಮ

ಈಗ ಐದಕ್ಕೆ ಐದು. ಸಂಕೇತ ಎಂಬ ಪದ ಬಂದರೆ ಯಾರೂ ಅಂಕ ಕಡಿಯುವುದಿಲ್ಲ.

ಕೆಂಪು ಶಾಯಿ

ನಾನು ಕಡಿಯುತ್ತೇನೆ. ಸದ್ಯಕ್ಕೆ ಎರಡೂವರೆ.

ಭೂತಕಾಲ ಒಂದು ಲಕ್ಷಣ ಮಾತ್ರ, ಕಾಯಿಲೆಯೇ ಅಲ್ಲ. ‘ಕೊಟ್ಟಿತು’ ಇದ್ದಲ್ಲಿ ‘ಕೊಡುತ್ತದೆ’ ಎಂದು ತಿದ್ದಿದರೆ ಅದೇ ಕಥೆ ವರ್ತಮಾನದಲ್ಲಿ ನಡೆಯುತ್ತದೆ. ನಿನ್ನ ಐದನೆಯ ವಾಕ್ಯ ನೋಡು: ಕೊಡುತ್ತದೆ, ಹೋಗುತ್ತದೆ, ಹಾಲುಣಿಸುತ್ತದೆ, ಹಿಂದಿರುಗುತ್ತದೆ. ಹಳೆಯ ಉತ್ತರವೇ ಬಟ್ಟೆ ಬದಲಿಸಿ ಬಂದಿದೆ. ಸಂಕೇತಗಳ ಪಟ್ಟಿ ಇನ್ನೂ ಅಪಾಯಕಾರಿ. ಹುಲಿ ಕ್ರೌರ್ಯದ ಸಂಕೇತವಾದರೆ ಅದು ಅಳುವುದೇಕೆ? ಒಂದೇ ಪ್ರಶ್ನೆಗೆ ಬಿದ್ದುಹೋಗುವ ಸಂಕೇತ ಅದು.

ಎಲ್ಲಕ್ಕಿಂತ ಮುಖ್ಯ, ‘ಸತ್ಯ’ ಎಂಬ ಒಂದು ಪದ ಆಶಯವಲ್ಲ, ವಿಷಯ. ಸತ್ಯದ ಬಗ್ಗೆ ಈ ಹಾಡು ಏನು ಹೇಳುತ್ತದೆ? ಅದನ್ನು ಒಂದು ಪೂರ್ಣ ವಾಕ್ಯವಾಗಿ ಹೇಳು. ಯಾರಾದರೂ ‘ಇಲ್ಲ, ಹಾಗಲ್ಲ’ ಎಂದು ತಕರಾರು ಎತ್ತಲು ಸಾಧ್ಯವಿರಬೇಕು. ‘ಸತ್ಯ’ ಎಂಬ ಪದಕ್ಕೆ ಯಾರು ತಕರಾರು ಎತ್ತುತ್ತಾರೆ?

ಒಂದು ದಾರಿ ತೋರಿಸುತ್ತೇನೆ, ಉತ್ತರ ಬರೆದುಕೊಡುವುದಿಲ್ಲ. ಇಡೀ ಹಾಡಿನಲ್ಲಿ ಕಥೆ ಬೇರೆ ದಿಕ್ಕಿಗೆ ಹೊರಳಬಹುದಾಗಿದ್ದ ಜಾಗ ಯಾವುದು? ಹಸು ಹುಲಿಯ ಮುಂದೆ ನಿಂತಾಗ ಅಲ್ಲ. ಅಲ್ಲಿ ಅದಕ್ಕೆ ಆಯ್ಕೆಯೇ ಇಲ್ಲ, ಮಾತು ಕೊಡದಿದ್ದರೆ ಸಾಯುತ್ತದೆ. ದೊಡ್ಡಿಯಲ್ಲಿ ನೋಡು. ಅಲ್ಲಿ ಹುಲಿ ಇಲ್ಲ. ಬಲವಂತ ಮಾಡುವವರು ಯಾರೂ ಇಲ್ಲ. ಸುಮ್ಮನೆ ಇಲ್ಲಿಯೇ ನಿಂತುಬಿಡು, ನನ್ನನ್ನು ತಬ್ಬಲಿ ಮಾಡಬೇಡ ಎಂದು ಕರು ಕೇಳುತ್ತದೆ. ಅದು ಕೆಟ್ಟ ಮಾತೂ ಅಲ್ಲ, ನ್ಯಾಯವಾದ ಮಾತು. ಉಳಿದುಕೊಳ್ಳಲು ಒಳ್ಳೆಯ ಕಾರಣವಿದ್ದೂ ಹಸು ಹೊರಡುತ್ತದೆ. ನಿನ್ನ ಮೊದಲ ಉತ್ತರದಲ್ಲಿ ಈ ಜಾಗಕ್ಕೆ ಕೊಟ್ಟದ್ದು ಮೂರು ಪದ: ‘ಕರು, ಹೋಗಬೇಡ ಎಂದಿತು.’ ಎರಡನೆಯದರಲ್ಲಿ ಅದೂ ಇಲ್ಲ. ಗೊಲ್ಲನಿಗೆ ಮಾತ್ರ ಮೊದಲ ವಾಕ್ಯವನ್ನೇ ಬಿಟ್ಟುಕೊಟ್ಟಿದ್ದೆ.

ಯಾವ ಘಟನೆಗೆ ಎಷ್ಟು ಜಾಗ ಎಂಬುದರಲ್ಲೇ ಆಶಯ ಗೊತ್ತಾಗಿದೆಯೋ ಇಲ್ಲವೋ ತಿಳಿದುಹೋಗುತ್ತದೆ. ಸಾರಾಂಶದಲ್ಲಿ ಎಲ್ಲ ಘಟನೆಗಳಿಗೂ ಒಂದೊಂದು ವಾಕ್ಯ. ಆಶಯದ ಉತ್ತರದಲ್ಲಿ ಎರಡು ಅಥವಾ ಮೂರು ಘಟನೆ ಸಾಕು, ಉಳಿದವು ಬರಲೇಬೇಕಿಲ್ಲ.

ಮನೆಯ ಮೇಜು

ಹಾಗಾದರೆ ಗೊಲ್ಲನ ಹೆಸರು ಬರೆಯದಿದ್ದರೂ ಅಂಕ ಹೋಗುವುದಿಲ್ಲವೇ? ನಮ್ಮ ಕಾಲದಲ್ಲಿ ಹೆಸರು ತಪ್ಪಿದರೆ ಅರ್ಧ ಅಂಕ ಹೋಗುತ್ತಿತ್ತು.

ಬಳಪ

ಆಶಯದ ಪ್ರಶ್ನೆಗೆ ಹೋಗುವುದಿಲ್ಲ ಅಮ್ಮಾ. ಗೊಲ್ಲ ಬಾರದೆ ಇದ್ದರೆ ಯಾವ ವಾದವೂ ಕುಸಿಯುವುದಿಲ್ಲ.

ಜೋಳಿಗೆ

ಅದನ್ನು ಅಷ್ಟು ಸುಲಭವಾಗಿ ಹೇಳಬೇಡಿ. ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಹಸುವಿಗೆ ಹೆಸರಿದೆ, ಬಳಗವಿದೆ, ಕರುವನ್ನು ಒಪ್ಪಿಸಲು ಅಕ್ಕತಂಗಿಯರಿದ್ದಾರೆ. ಹುಲಿ ಒಂಟಿ. ಕೊನೆಯಲ್ಲಿ ಅದು ‘ಅಕ್ಕ’ ಎಂಬ ಪದವನ್ನು ಬಳಸುವುದು ಈ ಹಿನ್ನೆಲೆಯಲ್ಲಿ. ಬೇಕೆಂದರೆ ಗೊಲ್ಲನಿಂದಲೂ ಆಶಯಕ್ಕೆ ದಾರಿ ಇದೆ.

ಕೆಂಪು ಶಾಯಿ

ಇದು ನನಗೆ ಹೊಳೆದಿರಲಿಲ್ಲ. ಯಾರಾದರೂ ಗೊಲ್ಲನನ್ನು ಹೀಗೆ ತಂದರೆ ಮೂರಕ್ಕೆ ಮೂರು ಕೊಡುತ್ತೇನೆ. ಆದರೆ ನೋಡಿ, ನೀವು ಗೊಲ್ಲನನ್ನು ತಂದದ್ದು ‘ಮೊದಲು ಬರುತ್ತಾನೆ’ ಎಂಬ ಕಾರಣಕ್ಕಲ್ಲ.

ಕೊನೆಯ ಬೆಂಚು

ಮೂರನೆಯ ಸಲ. ಇದಾದ ಮೇಲೆ ಬರೆಯುವುದಿಲ್ಲ, ಗಣಿತವೂ ಇದೆ.

‘ತಪ್ಪಿಸಿಕೊಳ್ಳಲು ಅವಕಾಶವಿದ್ದಾಗಲೂ ಕೊಟ್ಟ ಮಾತಿಗೆ ನಿಲ್ಲುವವರು ತಮ್ಮನ್ನು ಕೊಲ್ಲಬಂದವರನ್ನೂ ಬದಲಿಸುತ್ತಾರೆ ಎಂಬುದು ಗೋವಿನ ಹಾಡಿನ ಕೇಂದ್ರ ಆಶಯ. ಹುಲಿಯ ಎದುರು ಪುಣ್ಯಕೋಟಿ ಕೊಟ್ಟ ಮಾತು ಅಲ್ಲಿಗೆ ಜೀವ ಉಳಿಸಿಕೊಳ್ಳುವ ಉಪಾಯದಂತೆ ಕಾಣಬಹುದು, ಹುಲಿಯೂ ಹಾಗೆಯೇ ಸಂಶಯಪಡುತ್ತದೆ. ಆದರೆ ದೊಡ್ಡಿಯಲ್ಲಿ ಆ ಮಾತಿನ ನಿಜವಾದ ಪರೀಕ್ಷೆ ನಡೆಯುತ್ತದೆ. ಅಲ್ಲಿ ಹುಲಿಯ ಭಯವಿಲ್ಲ, ತಬ್ಬಲಿಯಾಗುವ ಕರುವಿನ ಬೇಡಿಕೆ ಮಾತ್ರ ಇದೆ. ಮಗುವಿನ ಮೇಲಿನ ಪ್ರೀತಿ ದೊಡ್ಡದಾದರೂ ಅದಕ್ಕಾಗಿ ಮಾತು ತಪ್ಪಲು ಪುಣ್ಯಕೋಟಿ ಒಪ್ಪುವುದಿಲ್ಲ. ಕರುವನ್ನು ಬಳಗಕ್ಕೆ ಒಪ್ಪಿಸುವುದರಿಂದ ಅದು ಕರುವಿನ ಮೇಲಿನ ಹೊಣೆಯನ್ನೂ ಮರೆತಿಲ್ಲ ಎಂದು ತಿಳಿಯುತ್ತದೆ. ಹಿಂದಿರುಗಿದ ಹಸುವನ್ನು ಕಂಡು ಹುಲಿ ಅದನ್ನು ಆಹಾರ ಎನ್ನುವ ಬದಲು ಅಕ್ಕ ಎನ್ನುತ್ತದೆ. ಹೋರಾಟದಿಂದ ಆಗದ ಬದಲಾವಣೆ ಹಸು ಹಿಂದಿರುಗಿದ್ದರಿಂದ ಆಗಿದೆ.’

ಕೆಂಪು ಶಾಯಿ

ನಾಲ್ಕೂವರೆ. ‘ಹಾಗೆಯೇ ಸಂಶಯಪಡುತ್ತದೆ’ ಎಂಬ ವಾಕ್ಯಕ್ಕೆ ಖುಷಿಯಾಯಿತು. ಮೊದಲ ಉತ್ತರದಲ್ಲಿ ‘ಹುಲಿ ಮೊದಲು ನಂಬಲಿಲ್ಲ’ ಎಂದು ಸುಮ್ಮನೆ ನಡೆದುಹೋಗಿದ್ದ ಘಟನೆ ಇಲ್ಲಿ ಕೆಲಸ ಮಾಡುತ್ತಿದೆ. ಹೊಸದಾಗಿ ಏನನ್ನೂ ಓದದೆ, ಗೊತ್ತಿದ್ದ ಕಥೆಯಿಂದಲೇ ಇದನ್ನು ಬರೆದಿದ್ದೀಯ.

ಅರ್ಧ ಅಂಕ ಹಿಡಿದದ್ದು ಏಕೆಂದರೆ, ಹುಲಿಯ ಸಾವಿನ ಸುದ್ದಿಯನ್ನೇ ಎತ್ತಿಲ್ಲ. ಬದಲಾಯಿತು ಎನ್ನುವುದಾದರೆ ಅದು ಹಸುವನ್ನು ಬಿಟ್ಟು ಕಾಡಿಗೆ ಹೋಗಬಹುದಿತ್ತು. ಸತ್ತದ್ದೇಕೆ? ನೀನು ಹೇಳಿದ ಆಶಯಕ್ಕೆ ಕಥೆಯ ಇಷ್ಟು ದೊಡ್ಡ ಘಟನೆ ಹೊರಗುಳಿದರೆ ಆಶಯದ ವಾಕ್ಯ ಇನ್ನೂ ಸ್ವಲ್ಪ ಬಿಗಿಯಾಗಬೇಕು ಎಂದರ್ಥ.

ಬಳಪ

ಪಶ್ಚಾತ್ತಾಪ ಮೇಡಂ. ಇಂಥವಳನ್ನು ಕೊಂದರೆ ದೇವರು ಮೆಚ್ಚುವುದಿಲ್ಲ ಎಂಬ ಮಾತು ಹುಲಿಯ ಬಾಯಲ್ಲೇ ಇದೆಯಲ್ಲ.

ಜೋಳಿಗೆ

ಆ ಮಾತು ತಿನ್ನದೆ ಇರುವುದಕ್ಕೆ ಕಾರಣವಾಗುತ್ತದೆ, ಸಾಯುವುದಕ್ಕಲ್ಲ. ಹುಲಿ ಹುಲ್ಲು ತಿನ್ನಲಾರದು. ಅಕ್ಕ ಎಂದ ಮೇಲೆ ಇನ್ನು ಯಾವ ಹಸುವನ್ನೂ ತಿನ್ನಲಾರದು. ಬದುಕುವ ದಾರಿ ಅಲ್ಲಿಗೆ ಮುಚ್ಚಿತು. ಹಸು ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದು ಉಳಿಯಿತು, ಹುಲಿ ತನ್ನ ಸ್ವಭಾವವನ್ನು ಬಿಟ್ಟು ಸತ್ತಿತು. ‘ಸತ್ಯಕ್ಕೆ ಜಯ’ ಎಂದು ಅಡಿಗೆರೆ ಎಳೆಯುವವರಿಗೆ ಈ ಸಾವು ಕಾಣುವುದೇ ಇಲ್ಲ.

ಬಳಪ

ಇದನ್ನು ಬರೆದರೆ ‘ಪಠ್ಯದಲ್ಲಿಲ್ಲ’ ಎಂದು ಅಂಕ ಕಡಿಯುವವರೂ ಇದ್ದಾರೆ. ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ಅಂಕ ಕೊಡಲು ಧೈರ್ಯ ಬೇಕು.

ಕೆಂಪು ಶಾಯಿ

ಇದ್ದಾರೆ, ನಿಜ. ನಾನೂ ಮೊದಲ ಕೆಲವು ವರ್ಷ ಹಾಗೆಯೇ ಇದ್ದೆ. ಜೋಳಿಗೆಯವರ ಓದು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಹುಲಿ ಅಷ್ಟು ದೂರ ಯೋಚಿಸುತ್ತದೆ ಎನ್ನಲು ಹಾಡಿನಲ್ಲಿ ಆಧಾರ ಸಾಲದು. ಆದರೂ ಅಂಕ ಕೊಡುತ್ತೇನೆ.

ಕೊನೆಯ ಬೆಂಚು

ಪಕ್ಕದವನ ಪತ್ರಿಕೆ ಇಸಿದುಕೊಂಡು ನೋಡಿದೆ. ಅವನೂ ಹುಲಿ ಸತ್ತದ್ದನ್ನು ಬರೆದಿಲ್ಲ. ಅವನಿಗೆ ನಾಲ್ಕು ಹೇಗೆ ಕೊಟ್ಟರು?

ಕೆಂಪು ಶಾಯಿ

ಅವನು ಆ ಮುಕ್ಕಾಲು ಪುಟವನ್ನು ಎಲ್ಲಿಂದ ಶುರು ಮಾಡಿದ್ದಾನೆ?

ಕೊನೆಯ ಬೆಂಚು

ದೊಡ್ಡಿಯಿಂದ.